ಹಾಲಿನ ಲೆಕ್ಕ, ತೂಕದ ಲೆಕ್ಕ



ನಮ್ಮ ವಲಸೆಯ ಮನೆಗಳ ಬಾಣಂತಿ ಕೋಣೆಯಲ್ಲಿ ಎರಡು ಮಾತುಗಳು ಒಟ್ಟಿಗೇ ಕೇಳಿಬರುತ್ತವೆ. ‘ಎದೆಹಾಲು ಕುಡಿಸಿ, ಬಸಿರಿನ ತೂಕ ತಾನಾಗಿಯೇ ಇಳಿಯುತ್ತದೆ’ ಎನ್ನುತ್ತಾರೆ ಇಲ್ಲಿನ ದಾದಿಯರು. ‘ಹಾಲೂಡಿಸುವಷ್ಟು ದಿನ ಮೈ ಇಳಿಯೋದಿಲ್ಲ ಕಣೇ, ಈಗ ಅದರ ಚಿಂತೆ ಬೇಡ’ ಎನ್ನುತ್ತಾರೆ ಊರಿನಿಂದ ಬಂದ ಅಮ್ಮ. ಎರಡರಲ್ಲಿಯೂ ಅರ್ಧ ಸತ್ಯವಿದೆ. ಉಳಿದ ಅರ್ಧ ಎಲ್ಲಿದೆ ಎಂಬುದನ್ನು ಒಬ್ಬ ತಾಯಿಯ ತೂಕದ ಪುಸ್ತಕವನ್ನು ಮುಂದಿಟ್ಟುಕೊಂಡು ನೋಡೋಣ. ಅವರು ಟೆಕ್ಸಸ್‌ನಲ್ಲಿರುವ ನನ್ನ ಗೆಳತಿ. ಅವರ ಒಪ್ಪಿಗೆ ಪಡೆದೇ ಈ ಅಂಕಿಗಳನ್ನು ಹೇಳುತ್ತಿದ್ದೇನೆ.

ಬಸುರಿಯಾಗುವ ಮೊದಲು ಅವರ ತೂಕ 58 ಕಿಲೋ. ದಿನ ತುಂಬಿದಾಗ 72. ಆಸ್ಪತ್ರೆಯಿಂದ ಮನೆಗೆ ಬಂದ ದಿನ 66.5, ಆರು ವಾರಕ್ಕೆ 64. ಈ ಎಂಟು ಕಿಲೋ ಇಳಿದುದನ್ನು ಕಂಡು ಅವರು ಹಾಲೂಡಿಸುವಿಕೆಗೆ ಕೃತಜ್ಞರಾಗಿದ್ದರು. ಆದರೆ ಅದರಲ್ಲಿ ಮಗುವಿನ ತೂಕವೇ ಮೂರು ಕಿಲೋ. ಜೊತೆಗೆ ಮಾಸು, ಗರ್ಭಜಲ. ಅನಂತರದ ವಾರಗಳಲ್ಲಿ ಕುಗ್ಗಿದ ಗರ್ಭಕೋಶ, ಮೈಯಿಂದ ಹೊರಹೋದ ಹೆಚ್ಚುವರಿ ನೀರು, ರಕ್ತ. ಡಬ್ಬಿಹಾಲು ಕುಡಿಸುವ ತಾಯಿಯಲ್ಲಿಯೂ ಇದು ಹೆಚ್ಚುಕಡಿಮೆ ಹೀಗೆಯೇ ಇಳಿಯುತ್ತದೆ. ನಿಜವಾದ ಪ್ರಶ್ನೆ ಉಳಿದ ಆರು ಕಿಲೋಗಳದ್ದು, ಮುಖ್ಯವಾಗಿ ಕೊಬ್ಬಿನದ್ದು.

ಆ ಕೊಬ್ಬು ಸುಮ್ಮನೆ ಬಂದುದಲ್ಲ. ಮುಂದೆ ಹಾಲಾಗಲೆಂದು ದೇಹ ಕೂಡಿಟ್ಟ ಗಂಟು ಅದು. ಬೇರೇನನ್ನೂ ಕೊಡದೆ ಎದೆಹಾಲನ್ನಷ್ಟೇ ಕುಡಿಸುವ ತಾಯಿ ದಿನಕ್ಕೆ ಸುಮಾರು 800 ಗ್ರಾಂ ಹಾಲು ಕೊಡುತ್ತಾಳೆ ಎಂದುಕೊಳ್ಳಿ. ಆ ಹಾಲಿನಲ್ಲಿರುವುದು ಸುಮಾರು 540 ಕ್ಯಾಲೊರಿ. ಅದನ್ನು ತಯಾರಿಸಲು ದೇಹಕ್ಕೆ ತಗಲುವ ವೆಚ್ಚವನ್ನೂ ಸೇರಿಸಿದರೆ ದಿನಕ್ಕೆ 675. ಇದರಲ್ಲಿ ಸುಮಾರು 170 ಕ್ಯಾಲೊರಿ ಕೂಡಿಟ್ಟ ಕೊಬ್ಬಿನಿಂದ ಬರುತ್ತದೆ, ಮಿಕ್ಕ 505 ಊಟದಿಂದ ಬರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ಅಂತಾರಾಷ್ಟ್ರೀಯ ತಜ್ಞರ ಸಮಿತಿ ಒಪ್ಪಿದ ಲೆಕ್ಕ. ದಿನಕ್ಕೆ 170ರಂತೆ ತಿಂಗಳಿಗೆ 5100 ಕ್ಯಾಲೊರಿ. ತೂಕದಲ್ಲಿ ಅದು ಸುಮಾರು 800 ಗ್ರಾಂ. ಎಲ್ಲವೂ ಲೆಕ್ಕದಂತೆ ನಡೆದರೂ ತಿಂಗಳಿಗೆ ಒಂದು ಕಿಲೋ ಕೂಡ ಇಳಿಯುವುದಿಲ್ಲ.

ಎಲ್ಲವೂ ಲೆಕ್ಕದಂತೆ ನಡೆಯುವುದೂ ಅಪರೂಪ. ಹಾಲೂಡಿಸುವಿಕೆ ಹಸಿವನ್ನು ಹೆಚ್ಚಿಸುತ್ತದೆ. ನಿದ್ದೆಗೆಟ್ಟ ರಾತ್ರಿಗಳು ಆ ಹಸಿವನ್ನು ಇನ್ನಷ್ಟು ಕೆರಳಿಸುತ್ತವೆ, ಓಡಾಟವನ್ನು ಕುಗ್ಗಿಸುತ್ತವೆ. ಗೆಳತಿಯ ಮನೆಯಲ್ಲಿ ಅಮ್ಮ ದಿನಕ್ಕೆ ಎರಡು ಅಂಟಿನುಂಡೆ ಕೊಡುತ್ತಿದ್ದರು. ಬಿಸಿ ಅನ್ನದ ಮೇಲೆ ಎರಡು ಹೊತ್ತೂ ಸೇರಿ ಮೂರು ದೊಡ್ಡ ಚಮಚ ತುಪ್ಪ. ಉಂಡೆಗಳಿಂದ ಸುಮಾರು 380, ತುಪ್ಪದಿಂದ 360, ಒಟ್ಟು 740 ಕ್ಯಾಲೊರಿ. ಹಾಲಿಗೆ ಖರ್ಚಾದುದೆಲ್ಲ ಅಲ್ಲಿಯೇ ತುಂಬಿಬಂದಿತ್ತು. ಇದು ಅಮ್ಮನ ತಪ್ಪಲ್ಲ. ಆರು ಮಕ್ಕಳನ್ನು ಹೆತ್ತು, ನಲವತ್ತು ದಿನ ಕಳೆದೊಡನೆ ಹೊಲಕ್ಕೋ ಒಲೆಗೋ ಮರಳಬೇಕಾಗಿದ್ದ ಹೆಂಗಸಿನ ಬರಿದಾದ ದೇಹಕ್ಕೆ ಹೊಂದಿಸಿದ ಪಥ್ಯ ಅದು. ಬಸಿರಿನಲ್ಲಿ 14 ಕಿಲೋ ಏರಿದ, ಕುರ್ಚಿಯಲ್ಲಿ ಕುಳಿತು ದುಡಿಯುವ ದೇಹ ಬೇರೆ.

ಆದ್ದರಿಂದಲೇ ಮೂರನೆಯ ತಿಂಗಳಿಗೆ ಗೆಳತಿಯ ತೂಕ 63.5ರಲ್ಲಿ ನಿಂತಿತು. ಸಂಬಳವಿಲ್ಲದ 12 ವಾರಗಳ ರಜೆ ಮುಗಿದು ಅವರು ಕೆಲಸಕ್ಕೆ ಮರಳಿದ್ದರು. ಕಚೇರಿಯಲ್ಲಿ ಎರಡು ಸಲ ಮಾತ್ರ ಪಂಪ್ ಮಾಡಲು ಬಿಡುವು. ಹಾಲು ತಗ್ಗಿತು, ಡಬ್ಬಿಹಾಲು ಸೇರಿತು. ಸಹೋದ್ಯೋಗಿಯೊಬ್ಬರು ‘ಇನ್ನೂ ಇಳಿದಿಲ್ಲವೇ?’ ಎಂದ ದಿನದಿಂದ ಅವರು ಬೆಳಗಿನ ತಿಂಡಿ ಬಿಟ್ಟರು, ರಾತ್ರಿ ಬರೀ ಮಜ್ಜಿಗೆ ಕುಡಿದರು. ಎರಡು ವಾರದಲ್ಲಿ ಎರಡೂವರೆ ಕಿಲೋ ಇಳಿಯಿತು. ಜೊತೆಗೆ ಹಾಲು ಮತ್ತಷ್ಟು ಬತ್ತಿತು. ದಿನಕ್ಕೆ ಆರು ಸಲಕ್ಕೂ ಹೆಚ್ಚು ಒದ್ದೆಯಾಗುತ್ತಿದ್ದ ಮಗುವಿನ ಡಯಾಪರ್ ನಾಲ್ಕಕ್ಕೆ ಇಳಿಯಿತು, ಮಗುವಿನ ತೂಕದ ಗೆರೆ ಚಪ್ಪಟೆಯಾಯಿತು. ಮಕ್ಕಳ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ನೀವು ಏನು ಊಟ ಮಾಡುತ್ತಿದ್ದೀರಿ?’

ಹಾಗಾದರೆ ಹಾಲೂಡಿಸುವಾಗ ಊಟ ತಗ್ಗಿಸಲೇಬಾರದೇ? ತಗ್ಗಿಸಬಹುದು, ಮಿತಿಯಲ್ಲಿ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಹಾಲೂಡಿಸುತ್ತಿದ್ದ ಅಧಿಕ ತೂಕದ 40 ತಾಯಂದಿರನ್ನು ಹೆರಿಗೆಯಾದ ನಾಲ್ಕು ವಾರದ ಬಳಿಕ ಎರಡು ಗುಂಪು ಮಾಡಿದರು. ಒಂದು ಗುಂಪು ಊಟದಲ್ಲಿ ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿ, ವ್ಯಾಯಾಮ ಮಾಡಿತು. ಹತ್ತು ವಾರದಲ್ಲಿ ಆ ಗುಂಪು ಸರಾಸರಿ 4.8 ಕಿಲೋ ಇಳಿಯಿತು. ಎಂದಿನಂತೆ ಇದ್ದ ಗುಂಪು 0.8 ಕಿಲೋ. ಎರಡೂ ಗುಂಪಿನ ಶಿಶುಗಳು ಸಮನಾಗಿ ಬೆಳೆದವು. ವಾರಕ್ಕೆ ಅರ್ಧ ಕಿಲೋ ಸುರಕ್ಷಿತ ಎಂಬ ಮಾತಿಗೆ ಇದೇ ಆಧಾರ. ಇನ್ನೊಂದು ಗುಂಪೂ ಹಾಲೂಡಿಸುತ್ತಿತ್ತು ಎಂಬುದನ್ನು ಮರೆಯಬೇಡಿ. ಹಾಲೊಂದೇ ಅವರ ತೂಕವನ್ನು ಹೆಚ್ಚೇನೂ ಇಳಿಸಲಿಲ್ಲ.

ದೀರ್ಘಕಾಲ ಹಾಲೂಡಿಸಿದರೆ? ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ನಡೆದ ಅಧ್ಯಯನದಲ್ಲಿ, ವರ್ಷವಿಡೀ ಹಾಲೂಡಿಸಿದವರು ಮೂರು ತಿಂಗಳೊಳಗೆ ನಿಲ್ಲಿಸಿದವರಿಗಿಂತ ಸುಮಾರು ಎರಡು ಕಿಲೋ ಹೆಚ್ಚು ಇಳಿದಿದ್ದರು. ಆದರೆ ಬೆಲಾರುಸ್‌ನಲ್ಲಿ 17,000 ತಾಯಿ–ಶಿಶುಗಳನ್ನು ಒಳಗೊಂಡ ದೊಡ್ಡ ಪ್ರಯೋಗ ಬೇರೆಯದನ್ನೇ ತೋರಿಸಿತು. ಹಾಲೂಡಿಸಲು ವಿಶೇಷ ನೆರವು ನೀಡಿದ ಆಸ್ಪತ್ರೆಗಳ ತಾಯಂದಿರು ಹೆಚ್ಚು ಕಾಲ ಹಾಲೂಡಿಸಿದರು. ಹನ್ನೊಂದೂವರೆ ವರ್ಷದ ಬಳಿಕ ತೂಗಿದಾಗ ಉಳಿದ ಆಸ್ಪತ್ರೆಗಳ ತಾಯಂದಿರಿಗೂ ಇವರಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಅಂದರೆ ಹಾಲೂಡಿಸುವಿಕೆ ತೂಕವನ್ನು ಹಿಡಿದಿಡುವುದೂ ಇಲ್ಲ, ಕರಗಿಸಿಬಿಡುವುದೂ ಇಲ್ಲ. ನೆರವಾಗುವುದಾದರೆ ಅದು ಸಣ್ಣದು, ನಿಧಾನದ್ದು. ಹೆಚ್ಚು ತಿಂಗಳು, ಹೆಚ್ಚು ಹಾಲು ಕೊಟ್ಟವರಲ್ಲಿ ಮಾತ್ರ ಕಾಣುವಂಥದ್ದು.

ಇಲ್ಲಿಯೇ ಇದು ರಾಜಕೀಯದ ಪ್ರಶ್ನೆಯೂ ಆಗುತ್ತದೆ. ಹೆಚ್ಚು ತಿಂಗಳು, ಹೆಚ್ಚು ಹಾಲು ಕೊಡಲು ಯಾರಿಗೆ ಸಾಧ್ಯ? ಅಮೆರಿಕದ 1993ರ ಕೇಂದ್ರ ಕಾಯ್ದೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ, ಸಣ್ಣ ಕಂಪನಿಗಳನ್ನು ಹೊರಗಿಟ್ಟು. ಭಾರತದಲ್ಲಿ 2017ರಿಂದ ಸಂಬಳಸಹಿತ 26 ವಾರಗಳಿವೆ. ಆದರೆ ಅಸಂಘಟಿತ ವಲಯದಲ್ಲಿ ದುಡಿಯುವ ಬಹುಪಾಲು ಹೆಂಗಸರಿಗೆ ಅದು ಕಾಗದದ ಮೇಲಷ್ಟೇ. ರಜೆಯನ್ನು ಕೊಡದ ಸಮಾಜವೇ ‘ಹಾಲೂಡಿಸಿದರೆ ಸಣ್ಣಗಾಗುತ್ತೀರಿ’ ಎಂಬ ಆಮಿಷ ಒಡ್ಡುತ್ತದೆ. ಹಾಲು ಬತ್ತಿದರೂ, ತೂಕ ಇಳಿಯದಿದ್ದರೂ ತಾಯಿಯೇ ತಪ್ಪಿತಸ್ಥೆ.

ಗೆಳತಿಯ ಕಥೆಯ ಉಳಿದ ಭಾಗ ಇದು. ಅವರು ಮೂರು ಹೊತ್ತಿನ ಊಟಕ್ಕೆ ಮರಳಿದರು. ಬೇಳೆ, ಸೊಪ್ಪು, ಮೊಸರು, ಮೊಟ್ಟೆ ಉಳಿದವು; ಉಂಡೆ ಒಂದಾಯಿತು, ತುಪ್ಪ ಒಂದು ಚಮಚಕ್ಕೆ ಇಳಿಯಿತು. ಸಂಜೆ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಮುಕ್ಕಾಲು ಗಂಟೆ ನಡಿಗೆ. ವೈದ್ಯರು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು. ಹೆರಿಗೆಯಾದ ವರ್ಷದೊಳಗೆ ಕೆಲವರಲ್ಲಿ ಥೈರಾಯ್ಡ್ ಏರುಪೇರಾಗುತ್ತದೆ. ಎದೆ ಡವಗುಟ್ಟುತ್ತ ತೂಕ ಸರ್ರನೆ ಇಳಿದರೆ, ಇಲ್ಲವೇ ಚಳಿ, ಮಲಬದ್ಧತೆ, ತೀರದ ಆಯಾಸದೊಡನೆ ತೂಕ ಕದಲದಿದ್ದರೆ ಅದನ್ನು ಹಾಲಿನ ತಲೆಗೆ ಕಟ್ಟದೆ ರಕ್ತ ಪರೀಕ್ಷೆ ಮಾಡಿಸಬೇಕು. ಇವರದು ಸರಿಯಾಗಿತ್ತು. ಊಟ ಮರಳಿದೊಡನೆ 62ಕ್ಕೆ ಏರಿದ ತೂಕ, ಮಗುವಿನ ಮೊದಲ ಹುಟ್ಟುಹಬ್ಬದ ದಿನ 60.5ರಲ್ಲಿತ್ತು.

‘ಇನ್ನೂ ಎರಡೂವರೆ ಕಿಲೋ ಉಳಿದಿದೆ’ ಎಂದು ಅವರು ನಗುತ್ತ ಹೇಳಿದರು. ಮಗು ಅಷ್ಟರಲ್ಲಿ ಒಂಬತ್ತು ಕಿಲೋ ದಾಟಿತ್ತು. ನಮ್ಮಲ್ಲಿ ಮುಂದೆ ಯಾವ ಬಾಣಂತಿಯನ್ನು ನೋಡಲು ಹೋದಾಗಲೂ ಅವಳ ತೂಕವನ್ನು ಕೇಳದಿರೋಣ. ಅವಳ ರಜೆ ಎಷ್ಟು ದಿನವಿದೆ ಎಂದು ಕೇಳೋಣ.