ಊರ ಹೆಸರು ಹೊತ್ತ ಒಡಹುಟ್ಟಿದವರು



1960ರಲ್ಲಿ ಭಾರತದ ಸಂವಿಧಾನ ರೂಪುಗೊಂಡ ಬಗೆಯನ್ನು ಕುರಿತ ಒಂದು ಇಂಗ್ಲಿಷ್ ಪುಸ್ತಕ ಪ್ರಕಟವಾಯಿತು. ಬರಹ ಬೆನಗಲ್ ನರಸಿಂಗ ರಾವ್ ಅವರದು, ಸಂಪಾದನೆ ಅವರ ತಮ್ಮ ಬಿ. ಶಿವರಾವ್ ಅವರದು. ಕನ್ನಡದಲ್ಲಿ ಹೀಗೆ ಹೇಳಿದರೆ ವಿಶೇಷ ಏನೂ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಅಚ್ಚಾದ ಹೆಸರುಗಳನ್ನು ನೋಡಿ: ಅಣ್ಣ Rau, ತಮ್ಮ Rao. ನಡುವಿನ ಸಹೋದರ ರಾಮರಾವ್ 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು. ನೋಟಿನ ಮೇಲೆ ಅವರ ರುಜು B. Rama Rau. ಐ.ಸಿ.ಎಸ್. ಸೇರಿದ ಇಬ್ಬರದು ಒಂದು ಕಾಗುಣಿತ, ಪತ್ರಿಕೋದ್ಯಮಕ್ಕೆ ಹೋದವರದು ಇನ್ನೊಂದು. ಮೂವರಿಗೂ ತಪ್ಪದೆ ಉಳಿದದ್ದು ಮುಂದಿರುವ ಬೆನಗಲ್. ಅದು ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರದ ಊರು.

ಅದೇ ಊರ ಹೆಸರು ಚಿತ್ರನಿರ್ದೇಶಕ ಶ್ಯಾಮ್ ಬೆನಗಲ್ ಅವರಲ್ಲಿ ಹಿಂದಕ್ಕೆ ಸರಿದು ಕೂತಿದೆ. ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡು ಸದಾಶಿವರಾಯರಲ್ಲಿ ಊರು ಮುಂದೆ, ಗಿರೀಶ ಕಾರ್ನಾಡರಲ್ಲಿ ಹಿಂದೆ. ಇವರೆಲ್ಲ ಚಿತ್ರಾಪುರ ಸಾರಸ್ವತ ಸಮುದಾಯದವರು, ಕರಾವಳಿಯ ಊರುಗಳ ಹೆಸರನ್ನೇ ಮನೆಯ ಹೆಸರಾಗಿ ಹೊತ್ತವರು. ಹಾಗಿದ್ದೂ ಊರು ಕೆಲವರಲ್ಲಿ ಎಡಕ್ಕೆ, ಕೆಲವರಲ್ಲಿ ಬಲಕ್ಕೆ ಏಕೆ? ಇದಕ್ಕೆ ಉತ್ತರ ಮನೆಯೊಳಗೆ ಸಿಗುವುದಿಲ್ಲ, ಕಚೇರಿಯ ದಫ್ತರದಲ್ಲಿ ಸಿಗುತ್ತದೆ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮದ್ರಾಸಿನ ಕಡೆಯ ರೂಢಿಯಲ್ಲಿ ಊರು, ತಂದೆ, ಆಮೇಲೆ ತನ್ನ ಹೆಸರು. ಮುಂಬಯಿ ಕಡೆಯದರಲ್ಲಿ ಮೊದಲು ತನ್ನ ಹೆಸರು, ನಡುವೆ ತಂದೆ, ಕೊನೆಗೆ ಅಡ್ಡಹೆಸರು. ಧಾರವಾಡ, ಬೆಳಗಾವಿಯ ಕಡೆಯೂ ಹೀಗೆಯೇ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಹೆಸರಿನ ಕೊನೆಗೆ ಬಂದದ್ದು ಗೋಕಾಕ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ.

ಊರ ಹೆಸರಿದ್ದರೆ ವ್ಯಕ್ತಿ ಸಂದೇಹವಿಲ್ಲದೆ ಗುರುತಾಗುತ್ತಾನೆ ಎಂದುಕೊಳ್ಳಬಾರದು. 1925ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಬೆನಗಲ್ ರಾಮರಾಯರೇ, ಆದರೆ ಅವರು ನೋಟಿಗೆ ರುಜು ಹಾಕಿದವರಲ್ಲ.

ಹಳೇ ಮೈಸೂರಿನ ರೂಢಿಗೆ ಬರೋಣ. ಇಲ್ಲಿ ಊರು ಪೂರ್ತಿ ಕಾಣುವುದಿಲ್ಲ, ಒಂದು ಇಂಗ್ಲಿಷ್ ಅಕ್ಷರವಾಗಿ ಕುಗ್ಗಿರುತ್ತದೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂದರೆ ಕೆ.ವಿ. ಪುಟ್ಟಪ್ಪ. ಅವರ ಮಗ ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ಊರಿನ ಕೆ ಹಾಗೇ ಉಳಿಯಿತು, ಅಜ್ಜನ ವಿ ಹೋಗಿ ಅಪ್ಪನ ಪಿ ಬಂತು. ಮೊದಲ ಅಕ್ಷರ ಮನೆತನದ್ದು, ಎರಡನೆಯದು ಒಂದು ತಲೆಮಾರಿನದು. ಲೆಕ್ಕ ಇಷ್ಟು ಅಚ್ಚುಕಟ್ಟಾಗಿದ್ದರೂ ಅದೇ ಮನೆಯ ಮಗಳು ನಮಗೆ ಗೊತ್ತಿರುವುದು ತಾರಿಣಿ ಚಿದಾನಂದ ಎಂದು. ಊರಿನ ಅಕ್ಷರವೂ ಇಲ್ಲ, ತಂದೆಯ ಅಕ್ಷರವೂ ಇಲ್ಲ. ಅಣ್ಣತಂಗಿಯರ ಹೆಸರು ಬೇರೆಯಾಗುವ ಅತಿ ಹಳೆಯ ಕಾರಣ ಮದುವೆಯೇ, ಅದನ್ನು ವಿವರಿಸುವುದು ಬೇಡ.

ಹೆಚ್ಚು ಕುತೂಹಲದ ಸಂಗತಿ ಡಿ.ವಿ.ಜಿ. ಅವರ ಮನೆಯದು. ತಂದೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಮಗ ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ, ಅಂದರೆ ಬಿ.ಜಿ.ಎಲ್. ಸ್ವಾಮಿ. ಒಂದೇ ತಲೆಮಾರಿನಲ್ಲಿ ಡಿ ಹೋಗಿ ಬಿ ಬಂತು. ಡಿ.ವಿ.ಜಿ. ಹುಟ್ಟಿದ್ದಾದರೂ ದೇವನಹಳ್ಳಿಯಲ್ಲಲ್ಲ, ಮುಳಬಾಗಿಲಿನಲ್ಲಿ. ‘ಸ್ವಂತ ಊರು ಯಾವುದು’ ಎಂಬ ಪ್ರಶ್ನೆಗೆ ನಮ್ಮಲ್ಲಿ ಮೂರು ಸರಿಯುತ್ತರಗಳಿವೆ: ಹಿರಿಯರು ಬಿಟ್ಟುಬಂದ ಊರು, ತಾನು ಹುಟ್ಟಿದ ಊರು, ಈಗ ಮನೆಯಿರುವ ಊರು. ಅಪ್ಪನಿಗೆ ವರ್ಗವಾಗುತ್ತಿದ್ದ ಮನೆಯಲ್ಲಿ ಹಿರಿಯ ಮಗನನ್ನು ಶಾಲೆಗೆ ಸೇರಿಸುವಾಗ ಒಂದು ಉತ್ತರ, ಕಿರಿಯವನನ್ನು ಸೇರಿಸುವಾಗ ಇನ್ನೊಂದು ಉತ್ತರ ಕೊಟ್ಟಿದ್ದರೆ ಯಾರೂ ಸುಳ್ಳು ಹೇಳಿದ ಹಾಗಾಗಲಿಲ್ಲ.

ಅಕ್ಷರ ಮಾತ್ರ ಉಳಿದು ಊರು ಮರೆತುಹೋದಾಗ ತೊಡಕು ಹೆಚ್ಚುತ್ತದೆ. ಬಿ.ಜಿ.ಎಲ್. ಸ್ವಾಮಿಯವರ ಬಿ ಬೆಂಗಳೂರು, ಬಿ.ಎಂ. ಶ್ರೀಕಂಠಯ್ಯನವರ ಬಿ ಬೆಳ್ಳೂರು. ಹೊರಗಿನವರಿಗೆ ಎರಡೂ ಒಂದೇ ಬಿ. ಮೂರನೆಯ ತಲೆಮಾರಿನ ಮೊಮ್ಮಕ್ಕಳಿಗೂ ಹಾಗೆಯೇ ಆದರೆ, ಅರ್ಜಿಯಲ್ಲಿ ‘ಇನಿಷಿಯಲ್ ಬಿಡಿಸಿ ಬರೆಯಿರಿ’ ಎಂದಾಗ ಒಬ್ಬ ಬೇಲೂರು ಎನ್ನುತ್ತಾನೆ, ಇನ್ನೊಬ್ಬಳು ಅತ್ತೆಯನ್ನು ಕೇಳಿ ಬೆಳ್ಳೂರು ಎನ್ನುತ್ತಾಳೆ.

ಈಗ ಊರಿನೊಳಕ್ಕೇ ಹೋಗೋಣ. ಪಹಣಿ ತೆಗೆದು ನೋಡಿದರೆ ಜಮೀನಿನ ಯಜಮಾನನ ಹೆಸರು ‘ನಂಜುಂಡಯ್ಯ ಬಿನ್ ಸುಬ್ಬಯ್ಯ’ ಎಂದಿರುತ್ತದೆ, ಹೆಂಗಸಾದರೆ ಗಂಡನ ಹೆಸರಿನೊಂದಿಗೆ ‘ಕೋಂ’. ಊರ ಹೆಸರು ಹೆಸರಿನ ಭಾಗವಾಗಿ ಬರುವುದೇ ಇಲ್ಲ. ಬರಬೇಕಾದ ಅಗತ್ಯವೂ ಇಲ್ಲ: ಹೊಸಹಳ್ಳಿಯಲ್ಲಿ ಎಲ್ಲರೂ ಹೊಸಹಳ್ಳಿಯವರೇ, ಅಲ್ಲಿ ಆ ಹೆಸರಿನಿಂದ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಲಾಗದು. ಊರ ಹೆಸರು ಉಪಯೋಗಕ್ಕೆ ಬರುವುದು ಊರು ಬಿಟ್ಟ ಮೇಲೆಯೇ. ಆರ್.ಕೆ. ನಾರಾಯಣ್, ಆರ್.ಕೆ. ಲಕ್ಷ್ಮಣ್ ಸಹೋದರರ ಆರ್ ತಮಿಳುನಾಡಿನ ರಾಶಿಪುರಂ. ಒಬ್ಬರು ಹುಟ್ಟಿದ್ದು ಮದ್ರಾಸಿನಲ್ಲಿ, ಇನ್ನೊಬ್ಬರು ಮೈಸೂರಿನಲ್ಲಿ. ವಿಶ್ವೇಶ್ವರಯ್ಯನವರ ಮೋಕ್ಷಗುಂಡಂ ಇರುವುದು ಆಂಧ್ರದಲ್ಲಿ, ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಹಾಗಾಗಿ ಊರಲ್ಲೇ ಉಳಿದು ಗದ್ದೆ ನೋಡಿಕೊಂಡ ಅಣ್ಣನ ಕಾಗದಗಳಲ್ಲಿ ಊರಿನ ಹೆಸರು ಇಲ್ಲದಿರುವುದೂ, ಪಟ್ಟಣ ಸೇರಿದ ತಮ್ಮನ ಕಾಗದಗಳಲ್ಲಿ ಇರುವುದೂ ಸಹಜವೇ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಂದೆ ಎಚ್.ಎಸ್. ನಂಜುಂಡಯ್ಯ. ಎಚ್ ಹೊಸಹಳ್ಳಿ, ಎಸ್ ಸುಬ್ಬಯ್ಯ. ಮಕ್ಕಳು ರಮೇಶ, ಸುಧಾ, ಗಿರೀಶ. ರಮೇಶನನ್ನು ಊರ ಶಾಲೆಗೆ ಸೇರಿಸಿದಾಗ ಹೆಡ್‌ಮಾಸ್ಟರು ದಾಖಲಾತಿ ಪುಸ್ತಕದಲ್ಲಿ ಎಚ್.ಎನ್. ರಮೇಶ ಎಂದು ಬರೆದರು. ಕುಟುಂಬ ತಾಲ್ಲೂಕಿಗೆ ಬಂದ ಮೇಲೆ ಸುಧಾಳನ್ನು ಸೇರಿಸಿದಾಗ ಅಲ್ಲಿನವರು ತಂದೆಯ ಅಕ್ಷರವೊಂದು ಸಾಕು ಎಂದು ಸುಧಾ ಎನ್. ಮಾಡಿದರು. ಗಿರೀಶ ಓದಿದ್ದು ನಗರದ ಇಂಗ್ಲಿಷ್ ಶಾಲೆಯಲ್ಲಿ. ಅರ್ಜಿಯಲ್ಲಿ ಸರ್‌ನೇಮ್ ಅಂಕಣ ಖಾಲಿ ಬಿಡುವಂತಿರಲಿಲ್ಲ, ತಂದೆ ತನ್ನ ಹೆಸರನ್ನೇ ತುಂಬಿದರು: ಗಿರೀಶ್ ನಂಜುಂಡಯ್ಯ. ಮೂವರದೂ ದಾಖಲಾತಿ ಪುಸ್ತಕದಲ್ಲಿದ್ದದ್ದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಯಿತು. ಮುಂದಿನ ಎಲ್ಲ ಕಾಗದಗಳಿಗೂ ಅಂಕಪಟ್ಟಿಯೇ ಮಾತೃಕೆಯಾಯಿತು.

ಇಲ್ಲಿಯವರೆಗೆ ತೊಂದರೆ ಏನೂ ಇಲ್ಲ. ತೊಂದರೆ ಶುರುವಾಗುವುದು ಹೆಸರನ್ನು ಹೋಳು ಮಾಡಿ ಕೇಳುವ ಅರ್ಜಿಗಳಿಂದ. ಆಧಾರ್‌ನಲ್ಲಿ ಹೆಸರಿಗೆ ಒಂದೇ ಅಂಕಣ. ಪ್ಯಾನ್ ಅರ್ಜಿಯಲ್ಲಿ ಮೂರು, ಅದರ ಮೊದಲ ಮತ್ತು ಕೊನೆಯ ಹೆಸರಿನಲ್ಲಿ ಇನಿಷಿಯಲ್ ಬಳಸುವಂತಿಲ್ಲ. ಪಾಸ್‌ಪೋರ್ಟಿನಲ್ಲಿ ಎರಡು: ಸರ್‌ನೇಮ್ ಮತ್ತು ಗಿವನ್ ನೇಮ್. ರಮೇಶ ಇನಿಷಿಯಲ್ ಬಿಡಿಸಿ ಹೊಸಹಳ್ಳಿಯನ್ನು ಸರ್‌ನೇಮ್ ಅಂಕಣಕ್ಕೆ ಹಾಕಿದ, ತಂದೆಯ ಹೆಸರನ್ನು ಕೈಬಿಟ್ಟ. ಸುಧಾ ನಮಗೆ ಸರ್‌ನೇಮೇ ಇಲ್ಲವಲ್ಲ ಎಂದು ಆ ಅಂಕಣ ಖಾಲಿ ಬಿಟ್ಟು, ಊರನ್ನೂ ತಂದೆಯ ಹೆಸರನ್ನೂ ಮುಂದೆ ಸೇರಿಸಿ ಇಡೀ ಹೆಸರನ್ನು ಗಿವನ್ ನೇಮ್‌ನಲ್ಲಿ ಬರೆದಳು. ಗಿರೀಶನದು ಮೊದಲೇ ತೀರ್ಮಾನವಾಗಿತ್ತು. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಯಂತ್ರ ಓದುವ ಸಾಲು ಇರುತ್ತದೆಯಲ್ಲ, 44 ಅಕ್ಷರಗಳದು, ಅದರಲ್ಲಿ ಈ ಮೂವರು ಹೀಗೆ ಕಾಣುತ್ತಾರೆ:

```
P<INDHOSAHALLI<<RAMESH<<<<<<<<<<<<<<<<<<<<<<
P<INDHOSAHALLI<NANJUNDAIAH<SUDHA<<<<<<<<<<<<
P<INDNANJUNDAIAH<<GIRISH<<<<<<<<<<<<<<<<<<<<
```

ಒಂದು ಬಾಣದ ಗುರುತೆಂದರೆ ಪದಗಳ ನಡುವಿನ ತೆರಪು. ಜೋಡಿ ಗುರುತೆಂದರೆ ಮನೆಯ ಹೆಸರು ಅಲ್ಲಿಗೆ ಮುಗಿಯಿತು ಎಂದು. ಹಾಗಾಗಿ ಯಂತ್ರದ ಲೆಕ್ಕದಲ್ಲಿ ರಮೇಶ ಹೊಸಹಳ್ಳಿ ಮನೆತನದವನು, ಗಿರೀಶ ನಂಜುಂಡಯ್ಯ ಮನೆತನದವನು, ಸುಧಾಳ ಇಡೀ ಹೆಸರೇ ಮನೆತನ, ಅವಳಿಗೆ ಸ್ವಂತದ ಹೆಸರು ಎಂಬುದೇ ಇಲ್ಲ. ಇದು ತಮಾಷೆಗೆ ಹೇಳಿದ ಮಾತಲ್ಲ. ಎರಡು ಅಂಕಣಗಳಲ್ಲಿ ಒಂದು ಖಾಲಿಯಿದ್ದರೆ ವೀಸಾ, ವಿಮಾನದ ಟಿಕೆಟ್ಟುಗಳಲ್ಲಿ ಕಿರಿಕಿರಿ ತಪ್ಪಿದ್ದಲ್ಲ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದದ್ದು ನಿಮಗೆ ನೆನಪಿರಬಹುದು. ಇನಿಷಿಯಲ್ ಬಿಡಿಸದೆ ಬರಿಯ ‘ಸುಧಾ’ ಎಂದಷ್ಟೇ ಬರೆಸಿದ್ದ ಎಷ್ಟೋ ದಕ್ಷಿಣದವರು ಆಗ ತಂದೆಯ ಹೆಸರನ್ನು ಹುಡುಕಿಕೊಂಡು ಬಂದರು.

ಮನೆಯೊಳಗಿನ ಪರೀಕ್ಷೆ ಬರುವುದು ತಂದೆ ತೀರಿಕೊಂಡ ಮೇಲೆ. ಪಹಣಿಯಲ್ಲಿರುವುದು ನಂಜುಂಡಯ್ಯ ಬಿನ್ ಸುಬ್ಬಯ್ಯ. ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ಎಚ್.ಎಸ್. ನಂಜುಂಡಯ್ಯ. ವಾರಸುದಾರರೆಂದು ಬಂದು ನಿಂತವರು ರಮೇಶ್ ಹೊಸಹಳ್ಳಿ, ಸುಧಾ ಎನ್., ಗಿರೀಶ್ ನಂಜುಂಡಯ್ಯ. ಪೌತಿ ಖಾತೆಯ ಅರ್ಜಿ ನೋಡುವ ಗುಮಾಸ್ತರು ಹೆಸರು ತಾಳೆಯಾಗುತ್ತಿಲ್ಲ ಎಂದು ವಾಪಸು ಕಳಿಸಿದರೆ ಅವರನ್ನು ದೂರುವುದು ನ್ಯಾಯವಲ್ಲ, ಅವರ ಮುಂದಿರುವುದು ಬರೀ ಅಕ್ಷರಗಳು. ಎಚ್.ಎನ್. ರಮೇಶನೂ ರಮೇಶ್ ಹೊಸಹಳ್ಳಿಯೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಪ್ರಮಾಣಪತ್ರ ಕೊಟ್ಟರೆ ಆ ವ್ಯಕ್ತಿಯ ಎರಡು ಹೆಸರುಗಳು ಕೂಡುತ್ತವೆ. ಆದರೆ ಅವನು ಸುಧಾಳ ಅಣ್ಣ ಎಂಬುದು ಅದರಿಂದ ಸಿದ್ಧವಾಗುವುದಿಲ್ಲ. ಆ ಕೆಲಸ ಮಾಡುವುದು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯುವ ವಂಶವೃಕ್ಷ. ಅದು ಹೆಸರಿನ ಅಕ್ಷರಗಳನ್ನು ಬಿಟ್ಟು ಯಾರು ಯಾರ ಮಗ, ಯಾರ ಮಗಳು ಎಂಬ ಸಂಬಂಧವನ್ನು ಬರೆಯುತ್ತದೆ. ಅಂದರೆ ಪಹಣಿಯ ‘ಬಿನ್’ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತದೆ. ಅರ್ಜಿ ಬರೆಯುವಾಗ ಪ್ರತಿಯೊಬ್ಬರ ಹೆಸರನ್ನೂ ಆಧಾರ್‌ನಲ್ಲಿರುವಂತೆಯೇ ಬರೆದು, ಅಂಕಪಟ್ಟಿಯ ಹೆಸರು ಬೇರೆಯಿದ್ದರೆ ‘ಉರುಫ್’ ಎಂದು ಪಕ್ಕದಲ್ಲಿ ಕಾಣಿಸಲು ಕೇಳುವುದು ಒಳ್ಳೆಯದು. ಎಲ್ಲರ ಹೆಸರನ್ನೂ ಒಂದೇ ರೂಪಕ್ಕೆ ತರುತ್ತೇವೆ ಎಂದು ಹೊರಟ ಮನೆಯವರನ್ನು ನಾನು ತಡೆಯುತ್ತೇನೆ. ಅಂಕಪಟ್ಟಿ ಬಂದ ಮೇಲೆ ಹೆಸರು ಬದಲಾಯಿಸುವುದು ಗೆಜೆಟ್ಟು, ಕೋರ್ಟುಗಳ ದಾರಿ. ಒಬ್ಬರದನ್ನು ಸರಿಪಡಿಸಿದರೆ ಅವರದೇ ಉಳಿದ ಹತ್ತು ಕಾಗದಗಳು ಕೆಡುತ್ತವೆ.

ಈ ಶಾಲಾ ದಾಖಲಾತಿ ಪುಸ್ತಕದ ಕಾಲವೂ ಮುಗಿಯುತ್ತ ಬಂದಿದೆ. ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯ ಪ್ರಕಾರ ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಮುಂತಾದವುಗಳಲ್ಲಿ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹೆಸರು ಇಡುವ ಮೊದಲೇ ಜನನ ನೋಂದಣಿ ಮಾಡಿಸಬಹುದು. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ಹದಿನೈದು ವರ್ಷದವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ಇನ್ನು ಮುಂದೆ ಎಚ್ ಎಂದರೆ ಹೊಸಹಳ್ಳಿಯೋ ಅಲ್ಲವೋ ಎಂಬುದನ್ನು ನಿರ್ಧರಿಸುವವರು ಹೆಡ್‌ಮಾಸ್ಟರಲ್ಲ, ಆ ಹೆಸರು ಸೇರಿಸುವ ಅರ್ಜಿ ತುಂಬುವ ತಂದೆತಾಯಿ. ಎರಡನೆಯ ಮಗುವಿನ ಅರ್ಜಿ ತುಂಬುವಾಗ ಮೊದಲನೆಯದರ ಪ್ರಮಾಣಪತ್ರದ ನಕಲು ಮುಂದಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ನೋಡಿ ಬರೆಯಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ.