ಪ್ಲಾಸ್ಟರಿನೊಳಗಿನ ಕಾಲು: ಮೂಳೆ ಮುರಿತದ ನಂತರದ ಮೊದಲ ಎರಡು ದಿನಗಳು
(ಹೈದರಾಬಾದಿನ ಕನ್ನಡಿಗರ ಸಭೆಯೊಂದರಲ್ಲಿ ಶುಶ್ರೂಷಾ ಅಧಿಕಾರಿಯೊಬ್ಬರು ಮಾಡಿದ ಭಾಷಣ)



ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗಗಳಾಗಿದ್ದವು. ಗಡಿಗಳು ಬದಲಾದರೂ ಅಲ್ಲಿನ ಜನರು ಚಿಕಿತ್ಸೆಗಾಗಿ ಈ ನಗರಕ್ಕೆ ಬರುವ ರೂಢಿ ತಪ್ಪಿಲ್ಲ. ಪಂಜಗುಟ್ಟದ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಗೆ ಮೊದಲಿದ್ದ ಹೆಸರೇ ನಿಜಾಮರ ಮೂಳೆ ಆಸ್ಪತ್ರೆ ಎಂಬರ್ಥದ್ದು. ಮೂಳೆ ಮುರಿದವರನ್ನು ಕರೆತಂದು, ರಾತ್ರಿಯಿಡೀ ಅವರ ಮಂಚದ ಪಕ್ಕದಲ್ಲಿ ಕುಳಿತುಕೊಳ್ಳುವವರು ನೀವು. ಆದ್ದರಿಂದ ಮೂಳೆಯನ್ನು ಕೂಡಿಸುವ ಬಗೆಯನ್ನು ಕುರಿತು ನಾನು ಇಂದು ಮಾತನಾಡುವುದಿಲ್ಲ. ಅದು ವೈದ್ಯರ ಕೆಲಸ. ಪ್ಲಾಸ್ಟರ್ ಹಾಕಿದ ಬಳಿಕ ಮೊದಲ ಎರಡು ದಿನ ಆ ಕಾಲನ್ನು ಹೇಗೆ ಕಾಯಬೇಕು ಎಂಬುದಷ್ಟೇ ಇಂದಿನ ವಿಷಯ.

ಮೊದಲು ಒಳಗಿನ ರಚನೆಯನ್ನು ತಿಳಿಯೋಣ. ಮೊಣಕಾಲಿನ ಕೆಳಗಿನ ಕಾಲಿನಲ್ಲಿ ಸ್ನಾಯುಗಳು ನಾಲ್ಕು ಗೂಡುಗಳಲ್ಲಿ ಇರುತ್ತವೆ. ಪ್ರತಿ ಗೂಡಿನ ಸುತ್ತ ಬಲವಾದ ಪೊರೆಯೊಂದಿದೆ. ಅದು ರಬ್ಬರಿನಂತೆ ಹಿಗ್ಗುವುದಿಲ್ಲ. ಮೂಳೆ ಮುರಿದಾಗ ರಕ್ತ ಒಸರುತ್ತದೆ, ಸ್ನಾಯು ಊದಿಕೊಳ್ಳುತ್ತದೆ. ಜಾಗ ಹೆಚ್ಚುವಂತಿಲ್ಲವಾದ್ದರಿಂದ ಗೂಡಿನೊಳಗಿನ ಒತ್ತಡ ಏರುತ್ತದೆ. ಹೊರಗಿನಿಂದ ಬಿಗಿಯಾದ ಪ್ಲಾಸ್ಟರ್ ಇದ್ದರೆ ಅದು ಎರಡನೆಯ ಗೋಡೆಯಾಗುತ್ತದೆ. ಒತ್ತಡ ಒಂದು ಮಿತಿಯನ್ನು ಮೀರಿದಾಗ ಕೂದಲಿಗಿಂತ ಸಣ್ಣ ರಕ್ತನಾಳಗಳು ಮುಚ್ಚಿಹೋಗಿ ಸ್ನಾಯುವಿಗೂ ನರಕ್ಕೂ ಪ್ರಾಣವಾಯು ತಲುಪುವುದಿಲ್ಲ. ಇದನ್ನೇ ವೈದ್ಯರು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಈ ಸ್ಥಿತಿ ಸುಮಾರು ಆರು ಗಂಟೆ ಮುಂದುವರಿದರೆ ಸತ್ತ ಸ್ನಾಯು ಮತ್ತೆ ಬದುಕುವುದಿಲ್ಲ.

ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫೋಲ್ಕ್‌ಮನ್ 1881ರಲ್ಲಿಯೇ, ಬಿಗಿಯಾಗಿ ಪಟ್ಟಿ ಕಟ್ಟಿದ ನಂತರ ಕೈಬೆರಳುಗಳು ಕೊಕ್ಕೆಯಂತೆ ಮಡಚಿ ನಿಂತುಬಿಡುವ ಊನವನ್ನು ವಿವರಿಸಿದ್ದ. ಇಂದಿಗೂ ಆ ಊನಕ್ಕೆ ಅವನದೇ ಹೆಸರು. ನಮ್ಮಲ್ಲಿ ಸಂಕ್ರಾಂತಿಯ ದಿನಗಳಲ್ಲಿ ಗಾಳಿಪಟ ಹಾರಿಸುತ್ತ ಮಾಳಿಗೆಯಿಂದ ಬಿದ್ದು ಮೊಣಕೈಯ ಮೇಲ್ಭಾಗದ ಮೂಳೆ ಮುರಿದುಕೊಳ್ಳುವ ಮಕ್ಕಳಿಗೆ ಇದೇ ಅಪಾಯವಿದೆ. ಬಿದಿರಿನ ದಬ್ಬೆಗಳಿಟ್ಟು ಬಟ್ಟೆಯಿಂದ ಬಿಗಿದು ಕಟ್ಟುವ ನಾಟಿ ಕಟ್ಟುಗಳಲ್ಲಿಯೂ ಕಾರಣ ಇದೇ: ಕಟ್ಟುವಾಗ ಸರಿಯಾಗಿದ್ದ ಬಿಗಿ, ಊತ ಬಂದ ಮೇಲೆ ಉರುಳಾಗುತ್ತದೆ.

ಈಗ ಒಂದು ಪ್ರಸಂಗವನ್ನು ಊಹಿಸಿಕೊಳ್ಳಿ. ಹುಮನಾಬಾದಿನ ಕಡೆಯ ಇಪ್ಪತ್ತನಾಲ್ಕು ವರ್ಷದ ತರುಣನೊಬ್ಬ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾನೆ. ಸಂಜೆ ಆರು ಗಂಟೆಗೆ ಮೋಟಾರ್ ಸೈಕಲ್ಲಿನಿಂದ ಬಿದ್ದು ಮೊಣಕಾಲಿನ ಕೆಳಗಿನ ದೊಡ್ಡ ಎಲುಬು ಮುರಿಯುತ್ತದೆ, ಚರ್ಮ ಹರಿದಿಲ್ಲ. ಎಂಟೂವರೆಗೆ ಮೂಳೆಯನ್ನು ಸರಿಪಡಿಸಿ, ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ, ಬೆರಳುಗಳನ್ನು ಮಾತ್ರ ಹೊರಗೆ ಬಿಟ್ಟಿದ್ದಾರೆ. ಪಕ್ಕದಲ್ಲಿ ಅವನ ಅಣ್ಣ ಇದ್ದಾನೆ.

ಮೊದಲ ಇಪ್ಪತ್ತನಾಲ್ಕು ಗಂಟೆ ಪ್ರತಿ ಗಂಟೆಗೊಮ್ಮೆ ದಾದಿ ಆ ಬೆರಳುಗಳನ್ನು ಪರೀಕ್ಷಿಸುತ್ತಾಳೆ. ಎಲ್ಲವೂ ಸರಿಯಿದ್ದರೆ ಅನಂತರ ವೈದ್ಯರ ಸೂಚನೆಯಂತೆ ಎರಡರಿಂದ ನಾಲ್ಕು ಗಂಟೆಗೊಮ್ಮೆ. ಪರೀಕ್ಷೆ ಯಾವಾಗಲೂ ಎರಡೂ ಕಾಲುಗಳದ್ದು. ನೋಯದ ಕಾಲೇ ಅಳತೆಗೋಲು. ಮೊದಲು ಬಣ್ಣ ಮತ್ತು ಬಿಸಿ. ಬಳಿಕ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡುತ್ತಾಳೆ. ಬಿಳುಪಾದ ಉಗುರಿನಡಿ ಎರಡು ಸೆಕೆಂಡುಗಳೊಳಗೆ ಕೆಂಪು ಮರಳಬೇಕು. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಚರ್ಮಕ್ಕಿಂತ ಉಗುರಿನಡಿಯ ಬಣ್ಣ ಹೆಚ್ಚು ನಂಬಿಕೆಗೆ ಅರ್ಹ. ಅನಂತರ ಸ್ಪರ್ಶ: ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ನಡುವಿನ ಸಂದಿಯನ್ನೂ ಬೆರಳುಗಳ ಅಡಿಭಾಗವನ್ನೂ ಮುಟ್ಟಿ, ಎರಡೂ ಕಾಲುಗಳಲ್ಲಿ ಒಂದೇ ರೀತಿ ತಿಳಿಯುತ್ತದೆಯೇ ಎಂದು ಕೇಳುತ್ತಾಳೆ. ಆ ಸಂದಿಯ ಸ್ಪರ್ಶವನ್ನು ಒಯ್ಯುವ ನರ ಕಾಲಿನ ಮುಂದಿನ ಗೂಡಿನ ಮೂಲಕ ಹಾದುಬರುತ್ತದೆ. ಅಲ್ಲಿ ಒತ್ತಡ ಏರಿದರೆ ಮೊದಲು ಮಂಕಾಗುವುದು ಈ ಜಾಗವೇ. ಕೊನೆಗೆ ಚಲನೆ: ಬೆರಳುಗಳನ್ನು ಮೇಲಕ್ಕೆ ಎತ್ತಲು, ಕೆಳಕ್ಕೆ ಮಡಚಲು ಹೇಳುತ್ತಾಳೆ. ಎಲ್ಲವನ್ನೂ ಗಂಟೆಯೊಡನೆ ಬರೆದಿಡುತ್ತಾಳೆ. ಒಂದು ಬಾರಿಯ ಪರೀಕ್ಷೆ ಹೇಳದಿರುವುದನ್ನು ಸಾಲಾಗಿ ಬರೆದ ನಾಲ್ಕು ಪರೀಕ್ಷೆಗಳು ಹೇಳುತ್ತವೆ.

ಒಂಬತ್ತೂವರೆಗೆ ನಮ್ಮ ತರುಣನ ನೋವು ಹತ್ತರಲ್ಲಿ ನಾಲ್ಕು. ಬೆರಳುಗಳು ಬೆಚ್ಚಗಿವೆ, ಸ್ಪರ್ಶ ಸರಿಯಿದೆ. ಹತ್ತೂವರೆಗೆ ನೋವು ಆರು, ಚುಚ್ಚುಮದ್ದು ಕೊಟ್ಟಿದ್ದಾರೆ. ಹನ್ನೊಂದೂವರೆಗೆ ನೋವು ತಗ್ಗಬೇಕಿತ್ತು. ಆದರೆ ಎಂಟಕ್ಕೆ ಏರಿದೆ. “ಅಣ್ಣಾ, ಒಳಗೆ ಸಿಡಿದಂತಾಗುತ್ತಿದೆ, ತಡೆಯಲಾರೆ” ಎನ್ನುತ್ತಾನೆ. ಅಣ್ಣ ದಾದಿಯನ್ನು ಕರೆಯುತ್ತಾನೆ. ಅವಳು ಹೆಬ್ಬೆರಳನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿದೊಡನೆ ಅವನು ಕೂಗಿಕೊಳ್ಳುತ್ತಾನೆ. ನೋವು ಬೆರಳಿನಲ್ಲಲ್ಲ, ಕಣಕಾಲಿನ ಮುಂಭಾಗದಲ್ಲಿ. ಬೆರಳ ಸಂದಿಯಲ್ಲಿ ಸ್ವಲ್ಪ ಜೋಮು. ಆದರೆ ಬೆರಳುಗಳು ಬೆಚ್ಚಗಿವೆ, ಉಗುರಿಗೆ ಕೆಂಪು ಮರಳುತ್ತಿದೆ.

“ಸಿಸ್ಟರ್, ಕಾಲು ಬೆಚ್ಚಗಿದೆಯಲ್ಲ, ಬೆಳಗಿನವರೆಗೆ ನೋಡಬಹುದಲ್ಲವೇ?” ಎಂದು ಅಣ್ಣ ಕೇಳುತ್ತಾನೆ.

ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿಯೇ ಆ ಕಾಲಿನ ಭವಿಷ್ಯವಿದೆ. ದೊಡ್ಡ ರಕ್ತನಾಳದೊಳಗಿನ ಒತ್ತಡ ಗೂಡಿನ ಒತ್ತಡಕ್ಕಿಂತ ಬಹಳ ಹೆಚ್ಚು. ಹೀಗಾಗಿ ಸ್ನಾಯು ಸಾಯುತ್ತಿರುವಾಗಲೂ ನಾಡಿ ಸಿಗುತ್ತದೆ, ಬೆರಳು ಬೆಚ್ಚಗಿರುತ್ತದೆ. ಬಿಳುಪೇರುವುದು, ತಣ್ಣಗಾಗುವುದು, ಬೆರಳು ಆಡದಿರುವುದು, ನಾಡಿ ನಿಲ್ಲುವುದು ಇವೆಲ್ಲ ತಡವಾಗಿ ಬರುವ ಗುರುತುಗಳು. ಅವುಗಳಿಗಾಗಿ ಕಾದವರು ಕಾಲನ್ನು ಕಳೆದುಕೊಳ್ಳಬಹುದು. ಮೊದಲ ಗುರುತುಗಳು ಎರಡೇ: ಗಾಯಕ್ಕೆ ಮೀರಿದ, ಔಷಧಿಗೆ ಬಗ್ಗದೆ ಏರುತ್ತಲೇ ಹೋಗುವ ನೋವು; ಮತ್ತು ಬೆರಳನ್ನು ಬೇರೆಯವರು ಮೆಲ್ಲಗೆ ಬಾಗಿಸಿದಾಗ ಸ್ನಾಯುವಿನಲ್ಲಿ ಏಳುವ ತೀವ್ರ ನೋವು. ಜೋಮು ಇವುಗಳ ಹಿಂದೆಯೇ ಬರುತ್ತದೆ.

ದಾದಿ ಕೂಡಲೇ ಕರ್ತವ್ಯದಲ್ಲಿರುವ ವೈದ್ಯರನ್ನು ಕರೆಯುತ್ತಾಳೆ. ಅಷ್ಟರಲ್ಲಿ ಅವಳು ಮಾಡುವ ಒಂದು ಕೆಲಸ ಅಣ್ಣನಿಗೆ ವಿಚಿತ್ರವಾಗಿ ಕಾಣುತ್ತದೆ. ಊತ ಇಳಿಯಲೆಂದು ದಿಂಬುಗಳ ಮೇಲೆ ಎತ್ತಿಟ್ಟಿದ್ದ ಕಾಲನ್ನು ಎದೆಯ ಮಟ್ಟಕ್ಕೆ ಇಳಿಸುತ್ತಾಳೆ. ಸಾಮಾನ್ಯ ಊತಕ್ಕೆ ಎತ್ತರ ಒಳ್ಳೆಯದು. ಆದರೆ ಈ ರೋಗದ ಶಂಕೆ ಬಂದ ಮೇಲೆ ಕಾಲನ್ನು ಇನ್ನೂ ಎತ್ತಿದರೆ, ಅಲ್ಲಿಗೆ ತಲುಪುತ್ತಿರುವ ಅಲ್ಪ ರಕ್ತವೂ ಕಡಿಮೆಯಾಗುತ್ತದೆ. ಮಂಜುಗಡ್ಡೆ ಇಡುವುದಿಲ್ಲ, ಕಾಲನ್ನು ನೀವುವುದಿಲ್ಲ. ಶಸ್ತ್ರಚಿಕಿತ್ಸೆ ಬೇಕಾಗಬಹುದೆಂದು ಊಟ, ನೀರು, ಚಹ ಯಾವುದನ್ನೂ ಕೊಡುವುದಿಲ್ಲ.

ವೈದ್ಯರು ಬಂದು ಪ್ಲಾಸ್ಟರನ್ನು ಎರಡೂ ಬದಿಗಳಲ್ಲಿ ಉದ್ದಕ್ಕೂ ಕತ್ತರಿಸಿ ಅಗಲಿಸುತ್ತಾರೆ. ಒಳಗಿನ ಹತ್ತಿಯನ್ನೂ ಪಟ್ಟಿಯನ್ನೂ ಚರ್ಮ ಕಾಣುವವರೆಗೆ ಬಿಡಿಸುತ್ತಾರೆ. ಹೊರಗಿನ ಪ್ಲಾಸ್ಟರನ್ನಷ್ಟೇ ಸೀಳಿ ಹತ್ತಿಯನ್ನು ಹಾಗೆಯೇ ಬಿಡುವುದು ಅರ್ಧ ಕೆಲಸ. ರಕ್ತ ಹೀರಿ ಒಣಗಿದ ಹತ್ತಿ ಹಲಗೆಯಷ್ಟೇ ಗಟ್ಟಿಯಾಗಿರುತ್ತದೆ. ಮೂಳೆ ಸ್ವಲ್ಪ ಸರಿದರೆ ಮತ್ತೆ ಕೂಡಿಸಬಹುದು. ಸತ್ತ ಸ್ನಾಯುವನ್ನು ಯಾರೂ ಕೂಡಿಸಲಾರರು.

ಬಿಗಿಯಾದ ಪ್ಲಾಸ್ಟರೇ ಕಾರಣವಾಗಿದ್ದರೆ ಅಷ್ಟರಿಂದಲೇ ನೋವು ಬೇಗ ತಗ್ಗುತ್ತದೆ. ನಮ್ಮ ತರುಣನಿಗೆ ತಗ್ಗಲಿಲ್ಲ. ಸೂಜಿಯ ಮೂಲಕ ಅಳೆದಾಗ ಗೂಡಿನ ಒತ್ತಡ 48 ಇತ್ತು. ರಕ್ತದೊತ್ತಡದ ಕೆಳಗಿನ ಅಂಕಿ 70. ಎರಡರ ನಡುವಣ ಅಂತರ 22. ಈ ಅಂತರ 30ಕ್ಕಿಂತ ಕಡಿಮೆಯಾದರೆ ಸ್ನಾಯುವಿಗೆ ರಕ್ತ ಸಾಲದೆಂದು ವೈದ್ಯರು ಭಾವಿಸುತ್ತಾರೆ. ಅಳೆಯುವ ಉಪಕರಣ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಗುರುತುಗಳು ಸ್ಪಷ್ಟವಾಗಿದ್ದರೆ ಅಳತೆಗಾಗಿ ಕಾಯಬೇಕಾಗಿಯೂ ಇಲ್ಲ. ರಾತ್ರಿ ಒಂದು ಗಂಟೆಗೆ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಕಾಲಿನ ಎರಡು ಬದಿಗಳಲ್ಲಿ ಉದ್ದವಾಗಿ ಸೀಳಿ ನಾಲ್ಕೂ ಗೂಡುಗಳ ಪೊರೆಯನ್ನು ಬಿಡಿಸುತ್ತಾರೆ. ಗಾಯವನ್ನು ಆಗಲೇ ಹೊಲಿಯುವುದಿಲ್ಲ. ಊತ ಇಳಿದ ಮೇಲೆ, ಕೆಲವು ದಿನಗಳ ನಂತರ ಮುಚ್ಚುತ್ತಾರೆ. ಕೆಲವರಿಗೆ ತೊಡೆಯ ಚರ್ಮವನ್ನು ತೆಗೆದು ಹಚ್ಚಬೇಕಾಗುತ್ತದೆ. ದೊಡ್ಡ ಗಾಯದ ಕಲೆ ಉಳಿಯುತ್ತದೆ, ಆದರೆ ಪಾದ ಆಡುತ್ತದೆ. ನೋವು ಏರತೊಡಗಿದ್ದು ಹತ್ತೂವರೆಗೆ. ಒಂದು ಗಂಟೆಗೆ ಗೂಡು ತೆರೆಯಿತು. ಅಣ್ಣನ ಮಾತಿನಂತೆ ಬೆಳಗಿನವರೆಗೆ ಕಾದಿದ್ದರೆ ಆರು ಗಂಟೆಯ ಗಡಿ ದಾಟುತ್ತಿತ್ತು. ಆಗ ಸತ್ತ ಸ್ನಾಯುವಿನ ವಿಷವಸ್ತುಗಳು ರಕ್ತಕ್ಕೆ ಸೇರಿ, ಮೂತ್ರ ಕಪ್ಪಾಗಿ, ಮೂತ್ರಪಿಂಡಗಳಿಗೂ ಕೇಡಾಗುವ ಸಂಭವವಿತ್ತು.

ನೋವನ್ನು ಹೇಳಲಾರದವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಸಣ್ಣ ಮಕ್ಕಳು ಅಂಕಿ ಹೇಳುವುದಿಲ್ಲ. ಸಮಾಧಾನಗೊಳ್ಳದ ಅಳು, ಚಡಪಡಿಕೆ, ನೋವಿನ ಔಷಧಿ ಪದೇ ಪದೇ ಬೇಕಾಗುವುದು, ಇವೇ ಅವರ ಭಾಷೆ. ತಲೆಗೆ ಪೆಟ್ಟಾಗಿ ಎಚ್ಚರವಿಲ್ಲದವರಲ್ಲಿ, ಮದ್ಯದ ಅಮಲಿನಲ್ಲಿರುವವರಲ್ಲಿ, ನರಕ್ಕೆ ಮರವೆಯ ಚುಚ್ಚುಮದ್ದು ಕೊಟ್ಟವರಲ್ಲಿ ನೋವು ಕಾಣಿಸದೆಯೇ ಇರಬಹುದು.

ಇನ್ನು ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಕುರಿತು ಎರಡು ಮಾತು. ಸೊಂಟದ ಬಳಿ ಮೂಳೆ ಮುರಿದ ವೃದ್ಧರಿಗೆ ಶಸ್ತ್ರಚಿಕಿತ್ಸೆಯವರೆಗೆ ಚರ್ಮದ ಮೇಲೆ ಪಟ್ಟಿ ಸುತ್ತಿ ತೂಕ ಕಟ್ಟುವುದುಂಟು. ತೂಕ ಗಾಳಿಯಲ್ಲಿ ತೂಗಬೇಕು. ನೆಲಕ್ಕೋ ಮಂಚಕ್ಕೋ ತಗುಲಿದರೆ ಎಳೆತವೇ ಇಲ್ಲ. ಹಗ್ಗ ಗಾಲಿಯ ಗಾಡಿಯಲ್ಲಿ ಕುಳಿತಿರಬೇಕು. “ಅಜ್ಜಿಗೆ ಕಷ್ಟವಾಗುತ್ತದೆ” ಎಂದು ತೂಕವನ್ನು ಎತ್ತಿ ಹಿಡಿಯುವುದು, ಬಿಚ್ಚುವುದು ಬೇಡ. ಮೊಣಕಾಲಿನ ಹೊರಬದಿಯ ಕೆಳಗೆ ಚಿಕ್ಕ ಎಲುಬಿನ ಗುಬ್ಬಿ ಕೈಗೆ ಸಿಗುತ್ತದೆ. ಅದರ ಬುಡದಲ್ಲಿ, ಚರ್ಮದ ಅಡಿಯಲ್ಲಿಯೇ, ಪಾದವನ್ನು ಮೇಲೆತ್ತುವ ನರ ಹಾದುಹೋಗುತ್ತದೆ. ಪಟ್ಟಿ ಅಲ್ಲಿ ಒತ್ತಿದರೆ ಪಾದ ಜೋತುಬೀಳುತ್ತದೆ. ಆದ್ದರಿಂದ ಅಜ್ಜಿಗೂ ದಿನಕ್ಕೆ ಹಲವು ಬಾರಿ “ಪಾದವನ್ನು ಮೇಲಕ್ಕೆ ಎತ್ತಿ” ಎಂದು ಹೇಳಿ ನೋಡಬೇಕು. ಹಿಮ್ಮಡಿ ಕೆಂಪಾಗಿದೆಯೇ ಎಂದು ಪರೀಕ್ಷಿಸಬೇಕು.

ಪ್ಲಾಸ್ಟರ್ ಹಾಕಿದ ದಿನವೇ ಮನೆಗೆ ಕಳುಹಿಸಿದರೆ ಇದೇ ಪರೀಕ್ಷೆ ನಿಮ್ಮ ಪಾಲಿಗೆ ಬರುತ್ತದೆ. ಹೊರಡುವ ಮುನ್ನ, ರಾತ್ರಿ ತೊಂದರೆಯಾದರೆ ಎಲ್ಲಿಗೆ ಬರಬೇಕೆಂದು ಕೇಳಿ ಬರೆದುಕೊಳ್ಳಿ. ಔಷಧಿ ಕೊಟ್ಟ ಮೇಲೂ ನೋವು ಏರುತ್ತಿದ್ದರೆ, ಬೆರಳು ಬಾಗಿಸಿದಾಗ ಕೂಗುವಂತಾದರೆ, ಜೋಮು ಹಿಡಿದರೆ, ಇನ್ನೊಂದು ಮಾತ್ರೆ ನುಂಗಿಸಿ ಮಲಗಿಸಬೇಡಿ. ಕಾಲನ್ನು ಎದೆಯ ಮಟ್ಟದಲ್ಲಿಟ್ಟು ಆ ಗಂಟೆಯಲ್ಲಿಯೇ ಆಸ್ಪತ್ರೆಗೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಅಲ್ಲಿ “ನೋವಿದೆ” ಎಂದಷ್ಟೇ ಹೇಳಬೇಡಿ. “ಹತ್ತೂವರೆಗೆ ಔಷಧಿ ಕೊಟ್ಟೆವು, ಅನಂತರವೂ ನೋವು ಹೆಚ್ಚಿದೆ, ಬೆರಳು ಬಾಗಿಸಿದರೆ ತಾಳಲಾರ, ಸಂದಿಯಲ್ಲಿ ಜೋಮಿದೆ” ಎಂದು ಹೇಳಿ. ಈ ನಾಲ್ಕು ಮಾತುಗಳನ್ನು ಕೇಳಿದ ವೈದ್ಯರು ಮೊದಲು ಕೈಗೆತ್ತಿಕೊಳ್ಳುವುದು ಪ್ಲಾಸ್ಟರ್ ಕತ್ತರಿಸುವ ಗರಗಸವನ್ನು.