ಗರಗಸದ ಹಲ್ಲು ಹೇಳುವ ಕಥೆ



ಮಳೆಗಾಲದಲ್ಲಿ ಉಬ್ಬಿದ ಮರದ ಮೇಜಿನ ಡ್ರಾಯರನ್ನು ಎಳೆದಿದ್ದೀರಲ್ಲ? ಮೊದಲು ಜಪ್ಪಯ್ಯ ಅನ್ನುವುದಿಲ್ಲ. ಬಲ ಹೆಚ್ಚಿಸಿದರೆ ಒಮ್ಮೆಲೇ ಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಬರುತ್ತದೆ. ಕಾರ್ಖಾನೆಯ ಕಂಟ್ರೋಲ್ ವಾಲ್ವ್ ಹೀಗೆ ಮಾಡಿದರೆ ಅದಕ್ಕೆ ಸ್ಟಿಕ್ಷನ್ ಎನ್ನುತ್ತೇವೆ.

ಇಲ್ಲೇ ಜೀಡಿಮೆಟ್ಲದ ಒಂದು ಔಷಧ ಕಾರ್ಖಾನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ರಿಯಾಕ್ಟರಿನ ಹೊರಕವಚಕ್ಕೆ ಗಂಟೆಗೆ 20 ಘನ ಮೀಟರ್ ತಂಪು ನೀರು ಹರಿಯಬೇಕಿತ್ತು. ಆದರೆ ಹರಿವು 19.4ರಲ್ಲಿ ಮೂರು ನಿಮಿಷ ಅಲುಗದೆ ನಿಂತು, ತಟ್ಟನೆ 20.6ಕ್ಕೆ ಹಾರಿ, ಅಲ್ಲಿ ಮತ್ತೆ ಮೂರು ನಿಮಿಷ ನಿಲ್ಲುತ್ತಿತ್ತು. ರಿಯಾಕ್ಟರಿನ ಉಷ್ಣಾಂಶವೂ ಅದರ ಹಿಂದೆಯೇ ತೂಗಾಡುತ್ತಿತ್ತು.

ಆಪರೇಟರು ಟ್ಯೂನಿಂಗ್ ತಪ್ಪಿದೆ ಎಂದು ಕಂಟ್ರೋಲರಿನ ಗೇನ್ ಅರ್ಧಕ್ಕಿಳಿಸಿದರು. ಆರು ನಿಮಿಷದ ಓಲಾಟ ಹನ್ನೆರಡು ನಿಮಿಷಕ್ಕೆ ಹಿಗ್ಗಿತು. ಹರಿವಿನ ಜಿಗಿತ ಮಾತ್ರ ಅಷ್ಟೇ ಉಳಿಯಿತು. ನನಗೆ ವಾಲ್ವಿನ ಮೇಲೆ ಅನುಮಾನ ಬಂದದ್ದೇ ಆಗ.

ಟ್ರೆಂಡ್ ಪರದೆಯಲ್ಲಿ ಎರಡು ಗೆರೆಗಳನ್ನು ಒಟ್ಟಿಗೆ ನೋಡಿ. ಕಂಟ್ರೋಲರಿನ ಔಟ್‌ಪುಟ್ 41ರಿಂದ 44 ಶೇಕಡಕ್ಕೆ ಓರೆಯಾಗಿ ಏರಿ, ಮತ್ತೆ ಇಳಿಯುತ್ತದೆ: ಗರಗಸದ ಹಲ್ಲಿನಂತೆ. ಹರಿವಿನ ಗೆರೆ ಕೋಟೆಯ ತೆನೆಯಂತೆ ಚೌಕಚೌಕ. ಟ್ಯೂನಿಂಗ್ ದೋಷವಿದ್ದರೆ ಸಾಮಾನ್ಯವಾಗಿ ಎರಡೂ ನುಣುಪಾದ ಅಲೆಗಳಾಗಿರುತ್ತವೆ. ಆದರೆ ಟ್ಯಾಂಕಿನ ಮಟ್ಟದ ಲೂಪಿನಲ್ಲಿ ಈ ಚೌಕವನ್ನು ಹುಡುಕಬೇಡಿ. ನೀರು ಕೂಡುತ್ತಾ ಕಳೆಯುತ್ತಾ ಹೋಗುವುದರಿಂದ ಅಲ್ಲಿ ಮಟ್ಟವೇ ತ್ರಿಕೋನವಾಗಿ ಕಾಣುತ್ತದೆ.

ಖಚಿತಪಡಿಸಿಕೊಳ್ಳಲು, ಬ್ಯಾಚ್ ಶಾಂತವಾಗಿದ್ದಾಗ ಆಪರೇಟರ ಒಪ್ಪಿಗೆ ಪಡೆದು ಲೂಪನ್ನು ಮ್ಯಾನ್ಯುಯಲ್‌ಗೆ ಹಾಕಿದೆವು. ಓಲಾಟ ನಿಂತಿತು. ಅಂದರೆ ಅದು ಹೊರಗಿನಿಂದ ಬಂದದ್ದಲ್ಲ. ಆದರೆ ಟ್ಯೂನಿಂಗ್ ದೋಷವೂ ಮ್ಯಾನ್ಯುಯಲ್‌ನಲ್ಲಿ ಅಡಗಿಬಿಡುತ್ತದೆ, ಆದ್ದರಿಂದ ಅಷ್ಟಕ್ಕೇ ನಿಲ್ಲಲಿಲ್ಲ. ಔಟ್‌ಪುಟ್ಟನ್ನು ಅರ್ಧರ್ಧ ಶೇಕಡ ಏರಿಸಿದೆವು. ಐದು ಹೆಜ್ಜೆಗೂ ಹರಿವು ಕದಲಲಿಲ್ಲ, ಆರನೆಯದಕ್ಕೆ ಹಾರಿತು. ಅದೇ ದಿಕ್ಕಿನಲ್ಲಿ ಮುಂದುವರಿಸಿದಾಗಲೂ ಹಾಗೇ ಅಂಟಿಕೊಂಡು ಹಾರಿತು.

ಡೆಡ್‌ಬ್ಯಾಂಡ್ ಬೇರೆ. ಅದು ಹಳೆಯ ಕಾರಿನ ಸ್ಟೀರಿಂಗಿನ ಸಡಿಲದಂತೆ. ದಿಕ್ಕು ಬದಲಿಸಿದಾಗ ಮಾತ್ರ ವಾಲ್ವ್ ಸುಮ್ಮನಿರುತ್ತದೆ. ಸಡಿಲ ಮುಗಿದ ಮೇಲೆ ಪ್ರತಿ ಹೆಜ್ಜೆಗೂ ಜಿಗಿಯದೆ ಓಗೊಡುತ್ತದೆ. ಹರಿವಿನ ಲೂಪಿನಲ್ಲಿ ಇಂಥ ಓಲಾಟ ಸಾಮಾನ್ಯವಾಗಿ ತಾನೇ ಅಡಗುತ್ತದೆ. ಟ್ಯಾಂಕಿನ ಮಟ್ಟದಲ್ಲಿ, ಕಂಟ್ರೋಲರಿಗೆ ಇಂಟಿಗ್ರಲ್ ಇದ್ದರೆ, ಸಡಿಲವೊಂದೇ ಸಾಕು, ನಿಧಾನದ ಓಲಾಟ ನಿಲ್ಲುವುದೇ ಇಲ್ಲ.

ನಮ್ಮ ವಾಲ್ವಿನಲ್ಲಿ ಹಿಂದೊಮ್ಮೆ ಸೋರಿಕೆ ತಡೆಯಲು ಗ್ಲ್ಯಾಂಡ್ ಪ್ಯಾಕಿಂಗನ್ನು ಅತಿಯಾಗಿ ಬಿಗಿದಿದ್ದರು. ಬರೀ ಸಡಿಲಿಸಿದರೆ ಮತ್ತೆ ಸೋರುತ್ತಿತ್ತು. ಲೈನ್ ಬಂದ್ ಮಾಡಿ ಪ್ಯಾಕಿಂಗ್ ಬದಲಿಸಿದ ಮೇಲೆ ವಾಲ್ವ್ ಅರ್ಧ ಶೇಕಡಕ್ಕೂ ಅಲುಗಿತು. ಗೇನನ್ನು ಹಳೆಯ ಅಂಕಿಗೇ ತಂದೆವು. ಹರಿವಿನ ಗೆರೆ 20ರಲ್ಲಿ ನೇರವಾಗಿ ನಿಂತಿತು.

ನಾಳೆ ಪಾಳಿಗೆ ಹೋದಾಗ ಗರಗಸದ ಹಲ್ಲು ಕಂಡರೆ, ಟ್ಯೂನಿಂಗ್ ಮುಟ್ಟುವ ಮೊದಲು ವಾಲ್ವಿನ ಹತ್ತಿರ ಹೋಗಿ ಬನ್ನಿ.